ಫೋಟೊದಲ್ಲಿರುವ ಫೀಲ್ಡ್ ಬುಕ್ ಪಟ್ಟಿಯಿಂದ ತಳಿ ಪ್ರಯೋಗದ ಆರ್‌ಬಿಡಿ ವಿಶ್ಲೇಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸುತ್ತಲಿನ ಕೆಂಪು ಮಣ್ಣಿನಲ್ಲಿ ಮುಂಗಾರಿನ ರಾಗಿ ತಳಿ ಪ್ರಯೋಗ ಮಾಡುವ ಕೃಷಿ ವಿದ್ಯಾರ್ಥಿಗಳು, ಕ್ಷೇತ್ರ ಸಹಾಯಕರು ಮತ್ತು ಬೀಜ ಸಂಸ್ಥೆಗಳವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಆರ್‌ಬಿಡಿ ಎಂದರೆ ರ‍್ಯಾಂಡಮೈಸ್ಡ್ ಬ್ಲಾಕ್ ಡಿಸೈನ್, ಹೊಲವನ್ನು ಬ್ಲಾಕುಗಳಾಗಿ ಹಂಚಿ ಪ್ರತಿ ಬ್ಲಾಕಿನಲ್ಲೂ ಚೀಟಿ ಎತ್ತಿ ತಳಿ ಹಾಕುವ ವಿನ್ಯಾಸ. ಲೆಕ್ಕವೆಲ್ಲ ಒಂದೇ ಉದಾಹರಣೆಯ ಮೇಲೆ ನಡೆಯುತ್ತದೆ: ಐದು ತಳಿ, ನಾಲ್ಕು ಬ್ಲಾಕ್, ಇಪ್ಪತ್ತು ತಾಕು. ಅಂಕಿಗಳು ಅಭ್ಯಾಸಕ್ಕಾಗಿ ಹಾಕಿದವು, ಯಾವ ನಿಜವಾದ ತಳಿಯ ಇಳುವರಿಯೂ ಅಲ್ಲ. ಹಾಗಾಗಿ ತಳಿಗಳನ್ನು ತ1ರಿಂದ ತ5 ಎಂದಷ್ಟೇ ಕರೆದಿದ್ದೇವೆ. ತ5 ಹೋಲಿಕೆ ತಳಿ, ಅಂದರೆ ಚೆಕ್.

ಆರ್‌ಬಿಡಿ ಯಾಕೆ ಬೇಕು? ತಾಕುಗಳನ್ನು ಎಲ್ಲೆಂದರಲ್ಲಿ ಹಾಕಿದರೆ ಆಗದೆ?

ಹೊಲ ಒಂದೇ ಸಮ ಇದ್ದರೆ ಆಗುತ್ತದೆ. ನಮ್ಮ ಕಡೆಯ ಹೊಲ ಹಾಗಿರುವುದಿಲ್ಲ. ಮೇಲಿನ ಬದುವಿನ ಹತ್ತಿರ ಮಣ್ಣು ತೆಳು, ಜಲ್ಲಿ ಜಾಸ್ತಿ. ಕೆಳಗಿನ ಬದುವಿಗೆ ಬಂದಂತೆ ಮಣ್ಣು ಆಳವಾಗಿ ತೇವ ಹಿಡಿಯುತ್ತದೆ. ಒಂದು ತಳಿಯ ತಾಕುಗಳು ಚೀಟಿಯ ಅದೃಷ್ಟದಿಂದ ಕೆಳಗೇ ಬಿದ್ದರೆ ಮಣ್ಣಿನ ಪುಣ್ಯ ತಳಿಯ ಖಾತೆಗೆ ಜಮೆಯಾಗುತ್ತದೆ.

ಆರ್‌ಬಿಡಿಯಲ್ಲಿ ಹೊಲವನ್ನು ಒಳಗೊಳಗೇ ಸಮನಾಗಿರುವ ಪಟ್ಟಿಗಳಾಗಿ ಕತ್ತರಿಸುತ್ತೇವೆ. ಪ್ರತಿ ಪಟ್ಟಿಯೂ ಒಂದು ಬ್ಲಾಕ್. ಪ್ರತಿ ಬ್ಲಾಕಿನಲ್ಲೂ ಎಲ್ಲ ತಳಿಗಳೂ ಒಂದೊಂದು ಸಲ ಬರುತ್ತವೆ. ಬ್ಲಾಕಿನಿಂದ ಬ್ಲಾಕಿಗೆ ಇರುವ ವ್ಯತ್ಯಾಸವನ್ನು ಆಮೇಲೆ ಲೆಕ್ಕದಲ್ಲಿ ಬೇರೆ ತೆಗೆದಿಡಬಹುದು.

ಬ್ಲಾಕನ್ನು ಇಳಿಜಾರಿನ ಉದ್ದಕ್ಕೆ ಹಾಕಬೇಕೆ, ಅಡ್ಡಕ್ಕೆ ಹಾಕಬೇಕೆ?

ಅಡ್ಡಕ್ಕೆ. ನೀರು ಪೂರ್ವದಿಂದ ಪಶ್ಚಿಮಕ್ಕೆ ಇಳಿಯುತ್ತಿದ್ದರೆ ಪ್ರತಿ ಬ್ಲಾಕ್ ಉತ್ತರ–ದಕ್ಷಿಣಕ್ಕೆ ಚಾಚಿರಬೇಕು, ಅಂದರೆ ಬದುವಿಗೆ ಸಮಾನಾಂತರವಾಗಿ. ಬ್ಲಾಕುಗಳು ಇಳಿಜಾರಿನಲ್ಲಿ ಒಂದರ ಕೆಳಗೊಂದು ಬರುತ್ತವೆ. ತಾಕಿನ ಉದ್ದನೆಯ ಬದಿ ಇಳಿಜಾರಿನ ದಿಕ್ಕಿಗೆ ಇರಲಿ. ಆಗ ಒಂದೊಂದು ತಾಕಿಗೂ ಮೇಲಿನ ಮಣ್ಣು ಕೆಳಗಿನ ಮಣ್ಣು ಎರಡೂ ಒಂದಿಷ್ಟು ಸಿಗುತ್ತದೆ.

ಇಳಿಜಾರು ಕಾಣದಷ್ಟು ಮಟ್ಟಸ ಇದ್ದರೆ ಬೇರೆ ಕಾರಣ ಹುಡುಕಿ. ಹೊಲದ ಒಂದು ಅಂಚಿನಲ್ಲಿ ನೀಲಗಿರಿ ಅಥವಾ ಸಿಲ್ವರ್ ಓಕ್ ಸಾಲು ಇದ್ದರೆ ಅದರ ಬೇರು ಮತ್ತು ನೆರಳು ಇಳಿಜಾರಿಗಿಂತ ಹೆಚ್ಚು ಕಾಟ ಕೊಡುತ್ತವೆ. ಆಗ ಮರದ ಸಾಲಿಗೆ ಸಮಾನಾಂತರವಾಗಿ ಬ್ಲಾಕ್ ಹಾಕಿ, ಮರದ ಪಕ್ಕದ ಪಟ್ಟಿಯನ್ನು ಪ್ರಯೋಗದಿಂದಲೇ ಬಿಟ್ಟರೆ ಇನ್ನೂ ಒಳ್ಳೆಯದು.

ಕೆಲಸಗಾರರ ವ್ಯತ್ಯಾಸವೂ ಬ್ಲಾಕಿನಿಂದ ಬ್ಲಾಕಿಗೆ ಇರುವ ವ್ಯತ್ಯಾಸದಲ್ಲೇ ಅಡಗಬೇಕು. ಕಟಾವು ಒಂದೇ ದಿನದಲ್ಲಿ ಮುಗಿಯದಿದ್ದರೆ ಎರಡು ಬ್ಲಾಕ್ ಪೂರ್ತಿ ಕೊಯ್ದು ನಿಲ್ಲಿಸಿ. ಎರಡೂವರೆ ಬ್ಲಾಕಿಗೆ ನಿಲ್ಲಿಸಿದರೆ ರಾತ್ರಿ ಬಂದ ಮಳೆಯ ಪರಿಣಾಮ ಆ ಒಂದು ಬ್ಲಾಕಿನ ಅರ್ಧ ತಳಿಗಳಿಗೆ ಮಾತ್ರ ಅಂಟಿಕೊಳ್ಳುತ್ತದೆ, ಅದನ್ನು ಯಾವ ಸೂತ್ರವೂ ಬಿಡಿಸಲಾರದು. ಬಿತ್ತನೆ, ಕಳೆ, ತೂಕಕ್ಕೂ ಇದೇ ಮಾತು.

ಎಷ್ಟು ಜಾಗ ಬೇಕು? ತಾಕಿನ ಅಳತೆ ಎಷ್ಟಿರಲಿ?

ಉದಾಹರಣೆಯ ತಾಕು 3 ಮೀಟರ್ ಅಗಲ, 4 ಮೀಟರ್ ಉದ್ದ. 30 × 10 ಸೆಂ.ಮೀ. ಅಂತರದಲ್ಲಿ ಹತ್ತು ಸಾಲು ರಾಗಿ ಬರುತ್ತದೆ. ಕೊಯ್ಯುವಾಗ ಎರಡು ಬದಿಯ ಒಂದೊಂದು ಸಾಲು, ಎರಡೂ ತುದಿಯಲ್ಲಿ 20 ಸೆಂ.ಮೀ. ಬಿಡುತ್ತೇವೆ. ಉಳಿದ ನಿವ್ವಳ ತಾಕು 2.4 × 3.6 = 8.64 ಚದರ ಮೀಟರ್. ತೂಕ ಮಾಡುವುದು ಇದರ ಕಾಳನ್ನು ಮಾತ್ರ. ಅಂಚಿನ ಸಾಲು ಪಕ್ಕದ ಎತ್ತರದ ತಳಿಯ ನೆರಳಿಗೆ ಸಿಕ್ಕಿರುತ್ತದೆ ಅಥವಾ ಪಕ್ಕದ ಗಿಡ್ಡ ತಳಿಯಿಂದ ಬಿಸಿಲು ಕದ್ದಿರುತ್ತದೆ.

ಬ್ಲಾಕಿಗೆ ಐದು ತಾಕು ಅಂದರೆ 15 ಮೀಟರ್. ನಾಲ್ಕು ಬ್ಲಾಕ್, ನಡುವೆ ಒಂದೊಂದು ಮೀಟರಿನ ಮೂರು ದಾರಿ ಸೇರಿ 19 ಮೀಟರ್. ಸುತ್ತಲೂ ಒಂದೂವರೆ ಮೀಟರ್ ಗಡಿ ಬೆಳೆ ಹಾಕಿದರೆ 18 × 22 ಮೀಟರ್, ಹೆಚ್ಚುಕಡಿಮೆ ನಾಲ್ಕು ಗುಂಟೆ.

ನಾಲ್ಕು ಬ್ಲಾಕೇ ಯಾಕೆ ಎಂದರೆ, ದೋಷಕ್ಕೆ, ಅಂದರೆ ತಳಿಯಿಂದಲೂ ಬ್ಲಾಕಿನಿಂದಲೂ ಬಾರದ ವ್ಯತ್ಯಾಸಕ್ಕೆ, ಉಳಿಯುವ ಡಿಗ್ರಿ ಆಫ್ ಫ್ರೀಡಂ, ಅಂದರೆ ಸ್ವತಂತ್ರ ಅಂಕಿಗಳ ಸಂಖ್ಯೆ, (4−1) × (5−1) = 12. ಸಾಮಾನ್ಯವಾಗಿ 12ಕ್ಕಿಂತ ಕೆಳಗೆ ಇಳಿಯಬಾರದು ಎಂಬ ವಾಡಿಕೆ ಇದೆ. ತಳಿಗಳು ಹದಿನೈದು–ಇಪ್ಪತ್ತು ದಾಟಿದರೆ ಸಮಸ್ಯೆ ತಿರುಗಾಮುರುಗಾ ಆಗುತ್ತದೆ: ಬ್ಲಾಕ್ ಅಷ್ಟು ಉದ್ದವಾದಾಗ ಅದರೊಳಗೇ ಮಣ್ಣು ಬದಲಾಗುತ್ತದೆ. ಅಲ್ಲಿಗೆ ಆಲ್ಫಾ ಲ್ಯಾಟಿಸ್‌ನಂಥ ವಿನ್ಯಾಸ ಬೇಕು, ಆರ್‌ಬಿಡಿ ಸಾಲದು.

ಚೀಟಿ ಎತ್ತುವುದು ಹೇಗೆ?

ಪ್ರತಿ ಬ್ಲಾಕಿಗೂ ಹೊಸದಾಗಿ ಎತ್ತಬೇಕು. ಐದು ಚೀಟಿ, ಒಂದು ಡಬ್ಬಿ ಸಾಕು. ಒಂದು ಬ್ಲಾಕಿನ ಕ್ರಮವನ್ನೇ ಉಳಿದ ಮೂರಕ್ಕೂ ನಕಲು ಮಾಡುವವರು ಇದ್ದಾರೆ; ಬೋರ್ಡ್ ನೆಡಲು ಸುಲಭವೆಂಬುದು ಕಾರಣ. ಹಾಗೆ ಮಾಡಿದರೆ ತ2ರ ಪಕ್ಕದಲ್ಲಿ ಯಾವಾಗಲೂ ತ3ರೇ ಇರುತ್ತದೆ, ಒಂದು ತಳಿ ಯಾವಾಗಲೂ ದಾರಿಯ ಪಕ್ಕಕ್ಕೇ ಬೀಳುತ್ತದೆ. ಕಂಪ್ಯೂಟರಿನಲ್ಲಾದರೆ `R`ನ ಒಂದೇ ಸಾಲು:

```
replicate(4, sample(1:5))
```

ಒಂದೊಂದು ಕಂಬವೂ ಒಂದೊಂದು ಬ್ಲಾಕಿನ ಕ್ರಮ.

ಫೋಟೊದಲ್ಲಿರುವ ಪಟ್ಟಿ ಹೇಗೆ ಕಾಣುತ್ತದೆ?

ಕ್ಷೇತ್ರದಲ್ಲಿ ಬರೆದ ಪುಟ ಹೆಚ್ಚಾಗಿ ಹೊಲದ ನಕ್ಷೆಯ ಆಕಾರದಲ್ಲೇ ಇರುತ್ತದೆ. ಮನೆಯೊಂದರಲ್ಲಿ ತಾಕಿನ ಸಂಖ್ಯೆ, ತಳಿ, ಕಿಲೊ. ನಮ್ಮ ಪುಟ ಹೀಗಿದೆ:

| | | | | | |
|---|---|---|---|---|---|
| ಬ್ಲಾಕ್ 1 | 101 ತ3 2.1 | 102 ತ1 2.6 | 103 ತ5 2.5 | 104 ತ2 3.2 | 105 ತ4 2.9 |
| ಬ್ಲಾಕ್ 2 | 205 ತ1 3.0 | 204 ತ4 3.3 | 203 ತ2 2.9 | 202 ತ3 2.8 | 201 ತ5 2.5 |
| ಬ್ಲಾಕ್ 3 | 301 ತ4 2.4 | 302 ತ5 2.6 | 303 ತ3 2.4 | 304 ತ1 2.3 | 305 ತ2 2.9 |
| ಬ್ಲಾಕ್ 4 | 405 ತ2 3.4 | 404 ತ3 2.7 | 403 ತ4 3.2 | 402 ತ5 3.0 | 401 ತ1 2.9 |

ಎರಡನೆಯ ಮತ್ತು ನಾಲ್ಕನೆಯ ಸಾಲಿನಲ್ಲಿ ಸಂಖ್ಯೆ ಬಲದಿಂದ ಎಡಕ್ಕೆ ಓಡುವುದನ್ನು ಗಮನಿಸಿ. ನಡೆಯುವವರು 105ರ ತುದಿಯಿಂದ ಹಾಗೇ ತಿರುಗಿ 201ಕ್ಕೆ ಬರಲಿ ಎಂದು ಹಾವಿನ ನಡಿಗೆಯಂತೆ ಸಂಖ್ಯೆ ಹಾಕುವ ಪದ್ಧತಿ ಇದು. ನಡೆಯಲು ಅನುಕೂಲ, ನಕಲು ಮಾಡಲು ಅಪಾಯ. ಅದರ ಮಾತು ಮುಂದೆ ಬರುತ್ತದೆ.

ಫೋಟೊ ತೆಗೆಯುವಾಗ ಏನು ನೋಡಿಕೊಳ್ಳಬೇಕು?

ಪುಟದ ನೇರ ಮೇಲಿನಿಂದ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಅಂಚಿನ ಮೊತ್ತಗಳು, ತಾರೀಕು, ನಿವ್ವಳ ತಾಕಿನ ಅಳತೆ, ತೂಕದ ಘಟಕ ಇವೆಲ್ಲ ಚೌಕಟ್ಟಿನೊಳಗೆ ಇರಲಿ. ಚೊಕ್ಕವಾಗಿ ಕಾಣಲೆಂದು ಅಂಚು ಕತ್ತರಿಸಿದ ಫೋಟೊಗಳೇ ಹೆಚ್ಚು ತೊಂದರೆ ಕೊಡುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿ ದಶಮಾಂಶದ ಚುಕ್ಕೆಯನ್ನೇ ನುಂಗಿಬಿಡಬಹುದು.

ಫೋಟೊದಿಂದ ಶೀಟಿಗೆ ಯಾವ ರೂಪದಲ್ಲಿ ಇಳಿಸಬೇಕು?

ಉದ್ದ ಪಟ್ಟಿಯಾಗಿ. ಒಂದು ತಾಕಿಗೆ ಒಂದು ಸಾಲು, ನಾಲ್ಕು ಕಂಬ: ತಾಕು, ಬ್ಲಾಕ್, ತಳಿ, ಇಳುವರಿ. ಇಪ್ಪತ್ತು ಸಾಲು. ಬ್ಲಾಕನ್ನು ತಾಕಿನ ಸಂಖ್ಯೆಯ ಮೊದಲ ಅಂಕಿಯಿಂದಲೇ ತೆಗೆಯಬಹುದು, ಹಾಗಾಗಿ ಮೊದಲು ತಾಕಿನ ಸಂಖ್ಯೆ ಟೈಪ್ ಮಾಡಿ. ತಳಿವಾರು ಒಟ್ಟುಗೂಡಿಸುವುದು ಆಮೇಲಿನ ಕೆಲಸ. ಮೊದಲೇ ತಳಿವಾರು ಬರೆದುಕೊಂಡು, ಅದರಲ್ಲೂ ಇಳುವರಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸಿಬಿಟ್ಟರೆ ಬ್ಲಾಕ್ ಯಾವುದೆಂಬುದು ಶಾಶ್ವತವಾಗಿ ಹೋಗುತ್ತದೆ.

ಅಂಕಿ ತಪ್ಪಾಗಿ ಓದಿದ್ದೇವೆ ಎಂದು ಹೇಗೆ ಗೊತ್ತಾಗುತ್ತದೆ?

ಅಂಚಿನ ಮೊತ್ತಗಳಿಂದ. ತಳಿವಾರು ಪಟ್ಟಿ ಮಾಡಿದಾಗ ನಮ್ಮ ಮೊತ್ತಗಳು ಹೀಗೆ ಬರಬೇಕು:

| ತಳಿ | ಬ್ಲಾಕ್ 1 | ಬ್ಲಾಕ್ 2 | ಬ್ಲಾಕ್ 3 | ಬ್ಲಾಕ್ 4 | ಮೊತ್ತ | ಸರಾಸರಿ |
|---|---|---|---|---|---|---|
| ತ1 | 2.6 | 3.0 | 2.3 | 2.9 | 10.8 | 2.70 |
| ತ2 | 3.2 | 2.9 | 2.9 | 3.4 | 12.4 | 3.10 |
| ತ3 | 2.1 | 2.8 | 2.4 | 2.7 | 10.0 | 2.50 |
| ತ4 | 2.9 | 3.3 | 2.4 | 3.2 | 11.8 | 2.95 |
| ತ5 | 2.5 | 2.5 | 2.6 | 3.0 | 10.6 | 2.65 |
| ಮೊತ್ತ | 13.3 | 14.5 | 12.6 | 15.2 | 55.6 | 2.78 |

ತಾಕು 101ರ 2.1 ಅನ್ನು 2.7 ಎಂದು ಓದಿದಿರಿ ಎನ್ನಿ. 1 ಮತ್ತು 7, 3 ಮತ್ತು 8 ಕೈಬರಹದಲ್ಲಿ ಸದಾ ಜಗಳ ತರುವ ಜೋಡಿಗಳು. ತ3ರ ಮೊತ್ತ 10.6 ಆಗುತ್ತದೆ, ಬ್ಲಾಕ್ 1ರ ಮೊತ್ತ 13.9 ಆಗುತ್ತದೆ. ಎರಡೂ ಕಡೆ ಸರಿಯಾಗಿ 0.6ರಷ್ಟೇ ವ್ಯತ್ಯಾಸ. ಆ ಸಾಲು ಆ ಕಂಬ ಕೂಡುವ ಮನೆಯೇ ತಪ್ಪಿನ ಮನೆ. ಒಟ್ಟು ವ್ಯತ್ಯಾಸವನ್ನು ಬ್ಲಾಕ್, ತಳಿ, ದೋಷ ಎಂದು ಬಿಡಿಸುವ ಅನೋವಾ ಲೆಕ್ಕ ಇದನ್ನು ಹಿಡಿಯುವುದಿಲ್ಲ: ತಳಿಗಳ ಸರಾಸರಿ ವರ್ಗ ದೋಷದ್ದರ ಎಷ್ಟು ಪಟ್ಟು ಎಂದು ಹೇಳುವ ಎಫ್ 4.51ರ ಬದಲು 4.01 ಬರುತ್ತದೆ, ಆಗಲೂ ಅರ್ಥಪೂರ್ಣವೇ. ಆದರೆ ಕಟ್ಟಕಡೆಯಲ್ಲಿದ್ದ ತ3 ಚೆಕ್ ತಳಿಗೆ ಸರಿಸಮನಾಗಿ ಬಂದು ಕೂರುತ್ತದೆ.

ಎಲ್ಲ ಮೊತ್ತವೂ ತಾಳೆಯಾದರೆ ನಿಶ್ಚಿಂತೆಯಿಂದ ಇರಬಹುದೆ?

ಬ್ಲಾಕಿನ ಮೊತ್ತ ಮಾತ್ರ ನೋಡಿದ್ದರೆ ಇರಬಾರದು. ಹಾವಿನ ನಡಿಗೆಯ ತಪ್ಪು ಇಲ್ಲೇ ಅಡಗಿರುತ್ತದೆ. ಎರಡನೆಯ ಬ್ಲಾಕಿನ ತೂಕಗಳನ್ನು ಇನ್ನೊಂದು ಹಾಳೆಯಲ್ಲಿ 201ರಿಂದ 205ರ ಕ್ರಮದಲ್ಲಿ ಬರೆದಿದ್ದಾರೆ, ತಳಿಗಳನ್ನು ನೀವು ನಕ್ಷೆಯಿಂದ ಎಡದಿಂದ ಬಲಕ್ಕೆ ಓದಿದ್ದೀರಿ ಎಂದುಕೊಳ್ಳಿ. ಆಗ ತ1ಕ್ಕೆ 3.0 ಬದಲು 2.5, ತ4ಕ್ಕೆ 3.3 ಬದಲು 2.8, ತ3ಕ್ಕೆ 2.8 ಬದಲು 3.3, ತ5ಕ್ಕೆ 2.5 ಬದಲು 3.0 ಸೇರುತ್ತದೆ. ನಡುವಿನ ತ2 ಮಾತ್ರ ಬಚಾವಾಗುತ್ತದೆ.

ಬ್ಲಾಕಿನ ಮೊತ್ತ 14.5 ಹಾಗೇ ಇದೆ, ಒಟ್ಟು ಮೊತ್ತ 55.6 ಹಾಗೇ ಇದೆ. ಆದರೆ ತಳಿಗಳ ಎಫ್ 4.51ರಿಂದ 2.35ಕ್ಕೆ ಕುಸಿಯುತ್ತದೆ. 5% ಮಟ್ಟದ ಗಡಿ 3.26. ಇದ್ದ ವ್ಯತ್ಯಾಸವೇ ಇಲ್ಲವೆಂದು ವರದಿಯಾಗುತ್ತದೆ. ಇದಕ್ಕೆ ತಡೆ ಎರಡು: ತಳಿವಾರು ಮೊತ್ತವನ್ನೂ ಹೊಲದಲ್ಲೇ ಬರೆಸಿ, ಮತ್ತು ತಳಿಯನ್ನು ಸ್ಥಾನ ನೋಡಿ ಅಲ್ಲ, ತಾಕಿನ ಸಂಖ್ಯೆ ನೋಡಿ ಜೋಡಿಸಿ.

ಕೈಯಲ್ಲಿ ಲೆಕ್ಕ ಹೇಗೆ ಮಾಡುವುದು?

ಕ್ಯಾಲ್ಕುಲೇಟರ್ ಇದ್ದರೆ ಹತ್ತು ನಿಮಿಷದ ಕೆಲಸ. ಮೊದಲು ತಿದ್ದುಪಡಿ ಅಂಶ: ಒಟ್ಟು ಮೊತ್ತದ ವರ್ಗವನ್ನು ತಾಕುಗಳ ಸಂಖ್ಯೆಯಿಂದ ಭಾಗಿಸಿ. 55.6 × 55.6 ÷ 20 = 154.568. ಇದನ್ನು ಮೂರು ಕಡೆ ಕಳೆಯುತ್ತೇವೆ.

ಇಪ್ಪತ್ತೂ ಇಳುವರಿಗಳ ವರ್ಗಗಳನ್ನು ಕೂಡಿದರೆ 156.94, ತಿದ್ದುಪಡಿ ಕಳೆದರೆ ಒಟ್ಟು ವರ್ಗಗಳ ಮೊತ್ತ 2.372. ಬ್ಲಾಕ್ ಮೊತ್ತಗಳ ವರ್ಗ ಕೂಡಿ, ಒಂದು ಬ್ಲಾಕಿನಲ್ಲಿ ಐದು ತಾಕು ಇರುವುದರಿಂದ 5ರಿಂದ ಭಾಗಿಸಿದರೆ 776.94 ÷ 5 = 155.388, ಕಳೆದರೆ 0.820. ತಳಿ ಮೊತ್ತಗಳ ವರ್ಗ ಕೂಡಿ 4ರಿಂದ ಭಾಗಿಸಿದರೆ 622.00 ÷ 4 = 155.500, ಕಳೆದರೆ 0.932. ಉಳಿದದ್ದು ದೋಷ: 2.372 − 0.820 − 0.932 = 0.620.

4 ಮತ್ತು 5 ಅದಲುಬದಲಾಗುವುದು ಇಲ್ಲಿಯ ಮಾಮೂಲಿ ತಪ್ಪು. ಹಾಗಾದರೆ ಯಾವುದಾದರೊಂದು ಮೊತ್ತ ಋಣಾತ್ಮಕವಾಗುತ್ತದೆ. ವರ್ಗಗಳ ಮೊತ್ತ ಎಂದೂ ಸೊನ್ನೆಗಿಂತ ಕೆಳಗೆ ಹೋಗದು.

| ಮೂಲ | ಡಿಗ್ರಿ ಆಫ್ ಫ್ರೀಡಂ | ವರ್ಗಗಳ ಮೊತ್ತ | ಸರಾಸರಿ ವರ್ಗ | ಎಫ್ | 5% ಗಡಿ |
|---|---|---|---|---|---|
| ಬ್ಲಾಕ್ | 3 | 0.820 | 0.2733 | 5.29 | 3.49 |
| ತಳಿ | 4 | 0.932 | 0.2330 | 4.51 | 3.26 |
| ದೋಷ | 12 | 0.620 | 0.0517 | | |
| ಒಟ್ಟು | 19 | 2.372 | | | |

ತಳಿಗಳ ವ್ಯತ್ಯಾಸ 5% ಮಟ್ಟದಲ್ಲಿ ಅರ್ಥಪೂರ್ಣ. 1%ರ ಗಡಿ 5.41 ಆದ್ದರಿಂದ ಆ ಮಟ್ಟದಲ್ಲಿ ಅಲ್ಲ. ಸಿವಿ ಎಂದರೆ ದೋಷದ ಸರಾಸರಿ ವರ್ಗದ ವರ್ಗಮೂಲ 0.227 ಅನ್ನು 2.78ರಿಂದ ಭಾಗಿಸಿದ್ದು, ಸುಮಾರು 8.2%. ಮಳೆಯಾಶ್ರಿತ ಇಳುವರಿ ಪ್ರಯೋಗಕ್ಕೆ ಇದು ಒಳ್ಳೆಯ ಅಂಕಿ. 2%, 3% ಬಂದರೆ ಖುಷಿಪಡುವ ಮೊದಲು ಮೂಲ ಫೋಟೊ ಕೇಳಿ ನೋಡುವುದು ಲೇಸು.

ಎಕ್ಸೆಲ್‌ನಲ್ಲಿ ಯಾವ ಅನೋವಾ ಆರಿಸಬೇಕು?

`Anova: Two-Factor Without Replication`. ಹೆಸರು ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ನಾಲ್ಕು ಪುನರಾವರ್ತನೆ ಇದೆಯಲ್ಲ ಎಂದು ಜನ ಇನ್ನೊಂದನ್ನು ಒತ್ತುತ್ತಾರೆ. ಎಕ್ಸೆಲ್ ಕೇಳುತ್ತಿರುವುದು ಒಂದು ತಳಿ–ಒಂದು ಬ್ಲಾಕ್ ಕೂಡುವ ಮನೆಯಲ್ಲಿ ಎಷ್ಟು ಅಂಕಿ ಇವೆ ಎಂದು. ಅಲ್ಲಿ ಒಂದೇ ಇದೆ. ಮೇಲಿನ ತಳಿವಾರು ಪಟ್ಟಿಯನ್ನು ಮೊತ್ತ ಮತ್ತು ಸರಾಸರಿಗಳನ್ನು ಬಿಟ್ಟು ಆಯ್ಕೆ ಮಾಡಿ. ಅವೂ ಸೇರಿದರೆ ಎಕ್ಸೆಲ್ ಅವನ್ನೂ ತಳಿ, ಬ್ಲಾಕ್ ಎಂದೇ ಎಣಿಸುತ್ತದೆ. ಡಿಗ್ರಿ ಆಫ್ ಫ್ರೀಡಂ 3, 4, 12 ಬಂದಿವೆಯೇ ಎಂದು ನೋಡಿದರೆ ಸಾಕು.

`Anova: Single Factor` ಒತ್ತಿದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ನೋಡಿಯೇ ಬಿಡಿ. ಬ್ಲಾಕಿನ 0.820 ಪೂರ್ತಿ ದೋಷದೊಳಗೆ ಸೇರಿ ದೋಷ 1.440 ಆಗುತ್ತದೆ, ಡಿಗ್ರಿ ಆಫ್ ಫ್ರೀಡಂ 15, ಸರಾಸರಿ ವರ್ಗ 0.096. ತಳಿಗಳ ಎಫ್ 2.43, ಗಡಿ 3.06. ಅಂದರೆ ಅದೇ ಅಂಕಿಗಳು, ಅದೇ ಹೊಲ, ಆದರೆ ಫಲಿತಾಂಶ ನಾಸ್ತಿ. ನಮ್ಮ ಪ್ರಯೋಗದಲ್ಲಿ ಬ್ಲಾಕ್ ಮಾಡಿದ್ದರ ಸಾಪೇಕ್ಷ ದಕ್ಷತೆ 1.68, ಬ್ಲಾಕ್ ಇಲ್ಲದೆ ಇಷ್ಟೇ ನಿಖರತೆ ಬೇಕಿದ್ದರೆ ಪ್ರತಿ ತಳಿಗೆ ನಾಲ್ಕರ ಬದಲು ಸುಮಾರು ಏಳು ತಾಕು ಬೇಕಾಗುತ್ತಿತ್ತು.

`R`ನಲ್ಲಿ?

ಉದ್ದ ಪಟ್ಟಿಯ ಕಂಬಗಳಿಗೆ `plot`, `block`, `variety`, `yield` ಎಂದು ಹೆಸರಿಟ್ಟು `ragi.csv` ಎಂದು ಉಳಿಸಿ.

```
d <- read.csv("ragi.csv")
d$block <- factor(d$block)
d$variety <- factor(d$variety)
m <- aov(yield ~ block + variety, data = d)
summary(m)
plot(m, 1)
```

ಎರಡನೆಯ ಸಾಲು ಮರೆತರೆ `R` ಬ್ಲಾಕ್ 1, 2, 3, 4 ಅನ್ನು ಅಳತೆಯ ಅಂಕಿಯೆಂದು ತಿಳಿದು ನೇರ ಗೆರೆ ಎಳೆಯುತ್ತದೆ. ಬ್ಲಾಕಿನ ಮುಂದೆ `Df` 1, `Residuals` ಮುಂದೆ 14 ಕಂಡರೆ ಇದೇ ಆಗಿದೆ. ಕೊನೆಯ ಸಾಲು ಬರೆಯುವ ಚಿತ್ರದಲ್ಲಿ ಒಂದು ಚುಕ್ಕೆ ಗುಂಪು ಬಿಟ್ಟು ದೂರ ಕೂತಿದ್ದರೆ ಆ ತಾಕನ್ನು ಫೋಟೊದಲ್ಲಿ ಮತ್ತೆ ನೋಡಿ.

ಯಾವ ತಳಿ ಯಾವುದಕ್ಕಿಂತ ಮೇಲು ಎಂದು ಹೇಳುವುದು ಹೇಗೆ?

ಸಿಡಿಯಿಂದ, ಅಂದರೆ ಎರಡು ತಳಿ ಬೇರೆ ಎನ್ನಲು ಸರಾಸರಿಗಳ ನಡುವೆ ಇರಬೇಕಾದ ಕನಿಷ್ಠ ಅಂತರದಿಂದ. ಎರಡು ಸರಾಸರಿಗಳ ವ್ಯತ್ಯಾಸದ ಪ್ರಮಾಣಿತ ದೋಷ √(2 × 0.0517 ÷ 4) = 0.161. 12 ಡಿಗ್ರಿಗೆ 5% ಮಟ್ಟದ ಟಿ ಬೆಲೆ 2.179. ಗುಣಿಸಿದರೆ ಸಿಡಿ 0.35 ಕಿಲೊ. ಇದಕ್ಕಿಂತ ಹೆಚ್ಚಿನ ಅಂತರ ಮಾತ್ರ ಲೆಕ್ಕಕ್ಕೆ.

ತ2 ಚೆಕ್‌ಗಿಂತ 0.45 ಮುಂದಿದೆ, ಗೆದ್ದಿತು. ತ4 ಚೆಕ್‌ಗಿಂತ 0.30 ಮಾತ್ರ ಮುಂದೆ; ಸರಿಸಮ ಎಂದೇ ಬರೆಯಬೇಕು. ಆದರೆ ತ2 ಮತ್ತು ತ4ರ ನಡುವೆ 0.15 ಅಷ್ಟೇ, ಅವೂ ಸರಿಸಮ. ತ4 ಎರಡು ಗುಂಪಿಗೂ ಸೇರುವುದನ್ನು ಕಂಡು ಲೆಕ್ಕ ತಪ್ಪಿದೆ ಎಂದುಕೊಳ್ಳುವವರಿದ್ದಾರೆ. ತಪ್ಪಿಲ್ಲ, ಈ ಪ್ರಯೋಗದ ಕಣ್ಣಿಗೆ ಅಷ್ಟೇ ಕಾಣುತ್ತದೆ. ಸರಿಸಮ ತಳಿಗಳಿಗೆ ಒಂದೇ ಅಕ್ಷರ ಹಾಕುವುದಾದರೆ ತ2ಕ್ಕೆ ಅ, ತ4ಕ್ಕೆ ಅಆ, ತ1 ಮತ್ತು ತ5ಕ್ಕೆ ಆಇ, ತ3ಕ್ಕೆ ಇ.

ಎಲ್ಲ ಜೋಡಿಗಳನ್ನೂ ಹೋಲಿಸುವುದಾದರೆ ಟುಕಿ ಪರೀಕ್ಷೆ ಬಳಸಿ ಎನ್ನುವ ಮಾರ್ಗದರ್ಶಕರಿರುತ್ತಾರೆ. ಅದರ ಗಡಿ ಇಲ್ಲಿ 0.51, ಹಾಗಾಗಿ ತ2–ತ3 ಜೋಡಿಯೊಂದೇ ಉಳಿಯುತ್ತದೆ. ನಮ್ಮ ಅಭಿಪ್ರಾಯ: ಚೆಕ್‌ನೊಂದಿಗಿನ ಹೋಲಿಕೆಯನ್ನು ಬಿತ್ತುವ ಮೊದಲೇ ಬರೆದಿಟ್ಟಿದ್ದರೆ, ಎಫ್ ಅರ್ಥಪೂರ್ಣವಾದ ಮೇಲೆ ಸಿಡಿ ಬಳಸುವುದು ತಪ್ಪಲ್ಲ. ಫಲಿತಾಂಶ ನೋಡಿದ ಮೇಲೆ ಪರೀಕ್ಷೆ ಆರಿಸುವುದು ತಪ್ಪು.

ಹೆಕ್ಟೇರಿಗೆ ಯಾವಾಗ ಪರಿವರ್ತಿಸಬೇಕು?

ಮೊದಲಾದರೂ ಸರಿ, ಕೊನೆಗಾದರೂ ಸರಿ, ಎಫ್ ಬದಲಾಗದು. 10000 ÷ 8.64 = 1157.4ರಿಂದ ಗುಣಿಸಿ. ತ2 ಹೆಕ್ಟೇರಿಗೆ 3588 ಕಿಲೊ, ಎಕರೆಗೆ ಸುಮಾರು ಹದಿನಾಲ್ಕೂವರೆ ಕ್ವಿಂಟಲ್. ತ5 3067, ಸಿಡಿ 405. ನಿವ್ವಳ ತಾಕಿನ ಬದಲು ಇಡೀ 12 ಚದರ ಮೀಟರ್ ಹಾಕಿದರೆ ಎಲ್ಲ ಇಳುವರಿಯೂ 28% ಕಡಿಮೆ ತೋರುತ್ತದೆ. ಫೋಟೊದಲ್ಲಿ ತಾಕಿನ ಅಳತೆ ಬೇಕು ಎಂದದ್ದು ಇದಕ್ಕೇ.

ಒಂದು ಮನೆ ಓದಲಾಗುತ್ತಿಲ್ಲ, ಅಥವಾ ತಾಕನ್ನು ಹಂದಿ ಮೇಯ್ದಿದೆ. ಸೊನ್ನೆ ಹಾಕಬಹುದೆ?

ಬೇಡ. ಸೊನ್ನೆ ಎಂದರೆ ಆ ತಳಿ ಏನೂ ಕೊಡಲಿಲ್ಲ ಎಂದರ್ಥ. ಮಸುಕಾದ ಅಂಕಿಯಾದರೆ ಮೊದಲು ಮೂಲ ಪುಸ್ತಕ ತರಿಸಿ. ಅಂಚಿನ ಮೊತ್ತ ಇದ್ದರೆ ಕಳೆದೇ ಹುಡುಕಬಹುದು. ನಿಜವಾಗಿ ಹೋಗಿದ್ದರೆ ಯೇಟ್ಸ್ 1933ರಲ್ಲಿ ಕೊಟ್ಟ ಸೂತ್ರವಿದೆ. ತಾಕು 301, ತ4ರ 2.4 ಇಲ್ಲವೆನ್ನಿ. ಉಳಿದ ತ4 ಮೊತ್ತ 9.4, ಉಳಿದ ಬ್ಲಾಕ್ 3ರ ಮೊತ್ತ 10.2, ಉಳಿದೆಲ್ಲದರ ಮೊತ್ತ 53.2.

(5 × 9.4 + 4 × 10.2 − 53.2) ÷ (3 × 4) = 2.88

ಇದನ್ನು ತುಂಬಿ ಲೆಕ್ಕ ಮಾಡಿ, ಆದರೆ ದೋಷದ ಡಿಗ್ರಿ ಆಫ್ ಫ್ರೀಡಂ 12ರಿಂದ 11ಕ್ಕೆ, ಒಟ್ಟು 19ರಿಂದ 18ಕ್ಕೆ ಇಳಿಸಿ. ಎಕ್ಸೆಲ್ ತಾನಾಗಿ ಇಳಿಸುವುದಿಲ್ಲ, ಎಫ್ ಅನ್ನು ನೀವೇ ಮತ್ತೆ ತೆಗೆಯಬೇಕು. ಈ ವಿಧಾನ ತಳಿಗಳ ವರ್ಗಗಳ ಮೊತ್ತವನ್ನು ತುಸು ಉಬ್ಬಿಸುತ್ತದೆ, ಹಾಗಾಗಿ ಗಡಿಯಲ್ಲಿ ಗೆದ್ದ ಎಫ್ ಅನ್ನು ನಂಬಬೇಡಿ. `R`ನಲ್ಲಾದರೆ ಆ ಸಾಲನ್ನು `NA` ಎಂದು ಬಿಟ್ಟು ಮೇಲಿನ ಆಜ್ಞೆಯನ್ನೇ ಓಡಿಸಿ. `block` ಮೊದಲು, `variety` ನಂತರ ಎಂಬ ಕ್ರಮ ಆಗ ಮುಖ್ಯವಾಗುತ್ತದೆ, ಅದಲುಬದಲು ಮಾಡಿದರೆ ಅಂಕಿ ಬದಲಾಗುತ್ತದೆ.

ಒಂದೇ ತಳಿಯ ಎರಡು ಮೂರು ತಾಕು ಹೋಗಿದ್ದರೆ ಸೂತ್ರಗಳ ಹಿಂದೆ ಓಡದೆ ಆ ತಳಿಯನ್ನೇ ಕೈಬಿಟ್ಟು ನಾಲ್ಕು ತಳಿಗಳ ಪ್ರಯೋಗವೆಂದು ವಿಶ್ಲೇಷಿಸಿ. ಆಗ ದೋಷಕ್ಕೆ 9 ಡಿಗ್ರಿ ಮಾತ್ರ ಉಳಿಯುತ್ತದೆ. ವರದಿಯಲ್ಲಿ ಅದನ್ನು ಹಾಗೆಯೇ ಬರೆಯಿರಿ.